ಕೆ-ಮ್ಯಾಪ್ ಫೋಟೋ ಕಳಿಸುವವರಿಗೆ ನನ್ನ ಉತ್ತರ

"ಸರ್, ಫೋಟೋ ಕಳ್ಸಿದೀನಿ ನೋಡಿ. ಈ ಕೆ-ಮ್ಯಾಪ್ ಸಿಂಪ್ಲಿಫೈ ಮಾಡಿ ಆನ್ಸರ್ ಅಷ್ಟೇ ಹೇಳಿ, ಸಾಕು."

ಹೇಳುವುದಿಲ್ಲ. ಸಿಟ್ಟಿನಿಂದ ಹೀಗೆ ಬರೆಯುತ್ತಿಲ್ಲ. ನೀವು ಕಳಿಸುವ ಫೋಟೋದಲ್ಲಿ ಪ್ರಶ್ನೆ ಪೂರ್ತಿಯಾಗಿ ಇದೆಯೋ ಇಲ್ಲವೋ ಎಂಬುದೇ ಹೆಚ್ಚಿನ ಸಲ ಖಚಿತವಾಗಿರುವುದಿಲ್ಲ. ಅರ್ಧ ಪ್ರಶ್ನೆಗೆ ನಾನು ಕೊಡುವ ಪೂರ್ತಿ ಉತ್ತರವನ್ನು ನೀವು ಪುಸ್ತಕದ ಕೊನೆಯ ಪುಟದೊಂದಿಗೆ ಹೋಲಿಸಿ, ತಪ್ಪು ನನ್ನದೆಂದು ತೀರ್ಮಾನಿಸುತ್ತೀರಿ.

ಒಂದು ಸಲ ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬ ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರಶ್ನೆ ಹೀಗಿತ್ತು:

```
F(A,B,C,D) = Σm(1,5,6,7,11,12,13,15)
```

ಮೊದಲ ಅಂಕಿಯ ಮೇಲೆ ಅವನ ಹೆಬ್ಬೆರಳಿನ ನೆರಳು ಬಿದ್ದು ಅದು 1 ಎಂದೂ ಓದಬಹುದಾಗಿತ್ತು, 7 ಎಂದೂ ಓದಬಹುದಾಗಿತ್ತು. ಇಂಥ ಕಡೆ ಊಹೆ ಬೇಕಾಗಿಲ್ಲ. ಮಿನ್‌ಟರ್ಮ್‌ಗಳನ್ನು ಸಾಮಾನ್ಯವಾಗಿ ಏರಿಕೆಯ ಕ್ರಮದಲ್ಲೇ ಮುದ್ರಿಸುತ್ತಾರೆ ಮತ್ತು ಒಂದೇ ಅಂಕಿ ಎರಡು ಸಲ ಬರುವುದಿಲ್ಲ. 5ರ ಹಿಂದೆ 7 ಇರುವುದು ಸಲ್ಲದು, ಮುಂದೆ ಇನ್ನೊಂದು 7 ಕಣ್ಣಿಗೆ ಕಾಣುವಂತೆಯೇ ಇತ್ತು. ಆದ್ದರಿಂದ ಅದು 1. ಆದರೆ ಬಲತುದಿಯಲ್ಲಿ ಆವರಣ ಮುಗಿದ ಮೇಲೆ ಅರ್ಧ ಕತ್ತರಿಸಿಹೋದ ಒಂದು ಪ್ಲಸ್ ಗುರುತಿತ್ತು. ಅದರ ಮುಂದೆ ಏನಿದೆ ಎಂದು ಕೇಳಿದೆ. "ಏನೂ ಇಲ್ಲ ಸರ್, ಅಷ್ಟೇ" ಎಂಬ ಉತ್ತರ ಬಂತು. ಸರಿ, ಇದ್ದಷ್ಟಕ್ಕೆ ಮ್ಯಾಪ್ ಹಾಕಿದೆ.

```
            CD
         00  01  11  10
AB  00    0   1   0   0
    01    0   1   1   1
    11    1   1   1   0
    10    0   0   1   0
```

ಮೇಲಿನ ಸಾಲಿನಲ್ಲಿ 01 ಆದಮೇಲೆ 10 ಬಾರದೆ 11 ಬಂದಿರುವುದನ್ನು ಗಮನಿಸಿ. ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ 1953ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಅದರ ಪ್ರಾಣವೇ ಈ ಕ್ರಮವಾಗಿತ್ತು. ಪಕ್ಕಪಕ್ಕದ ಎರಡು ಮನೆಗಳ ನಡುವೆ ಒಂದೇ ಒಂದು ವೇರಿಯಬಲ್ ಬದಲಾಗಬೇಕು, ಆಗ ಮಾತ್ರ ಆ ವೇರಿಯಬಲ್ ಅನ್ನು ಕೈಬಿಡಬಹುದು. ಅಂಕಿಗಳನ್ನು ಎಣಿಕೆಯ ಕ್ರಮದಲ್ಲೇ ತುಂಬಿಕೊಂಡು ಹೋದ ಮ್ಯಾಪಿನ ಫೋಟೋ ಬಂದರೆ ನಾನು ಮುಂದಕ್ಕೆ ಓದುವುದೇ ಇಲ್ಲ.

ಈ ಮ್ಯಾಪನ್ನು ಕಂಡ ಕೂಡಲೇ ಎಲ್ಲರ ಪೆನ್ಸಿಲ್ಲೂ ನಟ್ಟನಡುವಿನ ಚೌಕಕ್ಕೆ ಹೋಗುತ್ತದೆ. 5, 7, 13, 15 ಸೇರಿ ನಾಲ್ಕರ ಗುಂಪಾಗುತ್ತದೆ, ಅದರ ಪದ BD. ದೊಡ್ಡ ಗುಂಪನ್ನು ಮೊದಲು ಹಾಕಬೇಕೆಂದು ಹೇಳಿಕೊಟ್ಟಿರುತ್ತಾರೆ, ಹಾಕುತ್ತಾರೆ. ಆಮೇಲೆ ಹೊರಗೆ 1, 6, 11, 12 ಒಂಟಿಯಾಗಿ ಉಳಿದು, ಪ್ರತಿಯೊಂದನ್ನೂ ಒಳಗಿನ ಒಂದು ಮನೆಯೊಂದಿಗೆ ಜೋಡಿ ಮಾಡಬೇಕಾಗುತ್ತದೆ. ಒಟ್ಟು ಐದು ಪದ ಬರೆದು, ಪುಸ್ತಕದಲ್ಲಿ ನಾಲ್ಕೇ ಇದೆಯಲ್ಲ ಎಂದು ನನಗೆ ಫೋಟೋ ಕಳಿಸುತ್ತಾರೆ.

ದೊಡ್ಡ ಗುಂಪು ಯಾವುದು ಎಂದು ಹುಡುಕುವ ಮೊದಲು, ಒಂದೇ ದಾರಿಯಿರುವ 1 ಯಾವುದು ಎಂದು ಹುಡುಕಬೇಕು. 1ನೇ ಮನೆಯ ನೆರೆಮನೆಗಳು 0, 3, 5 ಮತ್ತು 9. ಅವುಗಳಲ್ಲಿ 5ರಲ್ಲಿ ಮಾತ್ರ 1 ಇದೆ. ಹಾಗಾಗಿ 1 ಮತ್ತು 5ರ ಜೋಡಿ ಅನಿವಾರ್ಯ, ಅದು A'C'D. ಹೀಗೆಯೇ 6ಕ್ಕೆ 7 ಬಿಟ್ಟರೆ ಗತಿಯಿಲ್ಲ, ಅದು A'BC. 11ಕ್ಕೆ 15 ಮಾತ್ರ, ಅದು ACD. 12ಕ್ಕೆ 13 ಮಾತ್ರ, ಅದು ABC'. ಎಸೆನ್ಷಿಯಲ್ ಪ್ರೈಮ್ ಇಂಪ್ಲಿಕೆಂಟ್ ಎಂದು ಉರುಹೊಡೆಯುವುದು ಇದನ್ನೇ. ಈ ನಾಲ್ಕು ಜೋಡಿಗಳನ್ನು ಹಾಕಿದ ಮೇಲೆ ನಡುವಿನ ಚೌಕದ ನಾಲ್ಕೂ ಮನೆಗಳು ತಾವಾಗಿಯೇ ಮುಚ್ಚಿಹೋಗಿರುತ್ತವೆ, BDಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

```
F = A'C'D + A'BC + ACD + ABC'
```

ಇದನ್ನು ಕಳಿಸಿದ ಸ್ವಲ್ಪ ಹೊತ್ತಿಗೆ ಹುಡುಗನ ಉತ್ತರ ಬಂತು: "ಸರ್, ನಿಮ್ದು ತಪ್ಪು. ಪುಸ್ತಕದಲ್ಲಿ A'D + CD + A'BC + ABC' ಇದೆ." ಪುಟವನ್ನು ಪೂರ್ತಿ ತೆಗೆದು ಕಳಿಸು ಎಂದೆ. ಪ್ಲಸ್ ಗುರುತಿನ ಮುಂದೆ, ಕೆಳಗಿನ ಸಾಲಿನಲ್ಲಿ, d(3) ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಆ ಒಂದು ಡೋಂಟ್ ಕೇರ್‌ನಿಂದ ಲೆಕ್ಕವೇ ಬೇರೆಯಾಗುತ್ತದೆ. 3ನೇ ಮನೆಯಲ್ಲಿ X ಬಂದರೆ 1, 3, 5, 7 ಸೇರಿ A'D ಆಗುತ್ತದೆ, 3, 7, 11, 15 ಸೇರಿ CD ಆಗುತ್ತದೆ. ಮೂರು ಅಕ್ಷರದ ಎರಡು ಪದಗಳ ಜಾಗದಲ್ಲಿ ಎರಡು ಅಕ್ಷರದ ಎರಡು ಪದಗಳು ಬಂದು, ಒಟ್ಟು ಅಕ್ಷರಗಳು 12ರಿಂದ 10ಕ್ಕೆ ಇಳಿಯುತ್ತವೆ. ನನ್ನ ಮೊದಲ ಉತ್ತರ ಆ ಪ್ರಶ್ನೆಗೂ ಸರಿಯಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ 3ರಲ್ಲಿ ಏನು ಬಂದರೂ ನಡೆಯುತ್ತದೆ. ಆದರೆ ಅದು ಅತಿ ಚಿಕ್ಕ ಉತ್ತರವಲ್ಲ, ಅಂಕವೂ ಸಿಗುವುದಿಲ್ಲ. ದಯವಿಟ್ಟು ಅಂಚುಗಳನ್ನು ಸೇರಿಸಿ ಫೋಟೋ ತೆಗೆಯಿರಿ. ಮ್ಯಾಪಿನ ಬದಲು ಸಮೀಕರಣವನ್ನೇ ಕಳಿಸುವವರು ಮೇಲ್ಗೆರೆಯನ್ನೂ ನೋಡಿಕೊಳ್ಳಬೇಕು. A ಮತ್ತು Bಯ ಮೇಲೆ ಒಂದೇ ಉದ್ದನೆಯ ಗೆರೆಯಿದ್ದರೆ ಅದು A' + B', ನಡುವೆ ಸಣ್ಣ ಬಿಡುವಿದ್ದರೆ A'B'. ಮಸುಕಾದ ಫೋಟೋದಲ್ಲಿ ಮೊದಲು ಮಾಯವಾಗುವುದು ಆ ಬಿಡುವೇ.

ಇಷ್ಟು ಜನ ಫೋಟೋ ಕಳಿಸಿದರೂ, ಕೈಬಿಟ್ಟ ಆ BD ಎಲ್ಲಾದರೂ ಬೇಕಾಗುತ್ತದೆಯೇ ಎಂದು ಒಬ್ಬರೂ ಕೇಳಿಲ್ಲ. ನಾನು ಸಂತೋಷದಿಂದ, ಎಷ್ಟು ಹೊತ್ತಾದರೂ ಕುಳಿತು ಉತ್ತರಿಸುವ ಪ್ರಶ್ನೆ ಅದು.

ಡೋಂಟ್ ಕೇರ್ ಇಲ್ಲದ ಮೊದಲಿನ ನಾಲ್ಕು ಪದಗಳ ಸರ್ಕ್ಯೂಟನ್ನೇ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದ್ದೀರಿ ಎನ್ನಿ. A ಸೊನ್ನೆ, B ಮತ್ತು D ಒಂದು. ಈಗ C ಮಾತ್ರ 1ರಿಂದ 0ಗೆ ಬರುತ್ತದೆ, ಎಂದರೆ 7ನೇ ಮನೆಯಿಂದ 5ಕ್ಕೆ. ಎರಡೂ ಕಡೆ F ಒಂದೇ ಆಗಿರಬೇಕು. ಆದರೆ 7ರಲ್ಲಿ ಔಟ್‌ಪುಟ್ಟನ್ನು ಹಿಡಿದಿದ್ದದ್ದು A'BC, 5ರಲ್ಲಿ ಹಿಡಿಯಬೇಕಾದದ್ದು A'C'D. C ಬಿದ್ದ ಕೂಡಲೇ ಮೊದಲನೆಯದು ಕೈಬಿಡುತ್ತದೆ, ಎರಡನೆಯದಕ್ಕೆ C' ಬೇಕು, ಆ C' ಇನ್ವರ್ಟರ್ ದಾಟಿ ಬರುವುದು ಕೆಲವು ನ್ಯಾನೋಸೆಕೆಂಡ್ ತಡವಾಗಿ. ಅಷ್ಟು ಹೊತ್ತು ಯಾರ ಹಿಡಿತವೂ ಇಲ್ಲದೆ F ಒಮ್ಮೆ ಸೊನ್ನೆಗೆ ಕುಸಿದು ಮೇಲೇಳಬಹುದು. ಇದಕ್ಕೆ ಸ್ಟ್ಯಾಟಿಕ್-1 ಹಜಾರ್ಡ್ ಎನ್ನುತ್ತಾರೆ. ಎಲ್‌ಇಡಿ ಹಾಕಿ ನೋಡಿದರೆ ನಿಮಗೆ ಏನೂ ಕಾಣುವುದಿಲ್ಲ. ಅದೇ F ಒಂದು ಕೌಂಟರಿನ ಕ್ಲಾಕ್‌ಗೆ ಹೋಗುತ್ತಿದ್ದರೆ ಎಣಿಕೆ ಒಂದು ಹೆಚ್ಚಾಗಿಬಿಡಬಹುದು, ಆಗ ನೀವು ವೈರುಗಳನ್ನು ಕಿತ್ತು ಮತ್ತೆ ಜೋಡಿಸುತ್ತಾ ಇಡೀ ಲ್ಯಾಬ್ ಅವಧಿಯನ್ನು ಕಳೆಯುತ್ತೀರಿ.

ಮ್ಯಾಪಿನಲ್ಲಿ ಇದನ್ನು ಮೊದಲೇ ಕಾಣಬಹುದು. ಪಕ್ಕಪಕ್ಕದ ಎರಡು 1ಗಳು ಬೇರೆಬೇರೆ ಗುಂಪಿನಲ್ಲಿದ್ದು, ಎರಡನ್ನೂ ಒಟ್ಟಿಗೆ ಸುತ್ತುವ ಗುಂಪು ಇಲ್ಲದಿದ್ದರೆ ಅಲ್ಲಿ ಹಜಾರ್ಡ್ ಇದೆ. ಈ ಮ್ಯಾಪಿನಲ್ಲಿ 5-7, 7-15, 15-13, 13-5, ನಾಲ್ಕು ಗಡಿಗಳೂ ಹಾಗೆಯೇ ಇವೆ. ನಾಲ್ಕನ್ನೂ ಒಂದೇ ಸಲಕ್ಕೆ ಮುಚ್ಚುವ ಪದ BD. C ಬದಲಾಗಲಿ, A ಬದಲಾಗಲಿ, B ಮತ್ತು D ಒಂದಾಗಿರುವವರೆಗೆ ಅದು ಅಲುಗಾಡುವುದಿಲ್ಲ. ಬೆಲೆ ಎಂದರೆ ಎರಡು ಇನ್‌ಪುಟ್ಟಿನ ಇನ್ನೊಂದು ಆ್ಯಂಡ್ ಗೇಟು ಮತ್ತು ಆರ್ ಗೇಟಿನಲ್ಲಿ ಇನ್ನೊಂದು ಕಾಲು.

ಪ್ರಶ್ನೆಪತ್ರಿಕೆಯಲ್ಲಿ ಮಿನಿಮಲ್ ಎಸ್‌ಒಪಿ ಎಂದು ಕೇಳಿದ್ದರೆ BD ಬರೆಯಬೇಡಿ. ಹಜಾರ್ಡ್-ಫ್ರೀ ಎಂದು ಕೇಳಿದ್ದರೆ ಬರೆಯಲೇಬೇಕು. ಎರಡರಲ್ಲಿ ಯಾವುದನ್ನು ಕೇಳಿದ್ದಾರೆಂದು ತಿಳಿಯಲು ಪ್ರಶ್ನೆಯ ಮೇಲಿನ ಸಾಲೂ ಫೋಟೋದಲ್ಲಿ ಇರಬೇಕು.