ಕೈಗೆ ತಣ್ಣಗೆ ಹತ್ತುತ್ತಲ್ಲ ಕಣೇ

ಹಾಸ್ಟೆಲ್ ಫ್ರಿಜ್‌ನಿಂದ ಮೂರು ದಿನದ ಹಿಂದಿನ ಅನ್ನದ ಡಬ್ಬಿ ತೆಗೆದು ರೂಮ್‌ಮೇಟ್ ಅಂದಳು, "ಕೈಗೆ ತಣ್ಣಗೆ ಹತ್ತುತ್ತಲ್ಲ ಕಣೇ, ವಾಸನೆನೂ ಇಲ್ಲ. ಇನ್ನೇನು ಬೇಕು?" ಈ ವಾರವೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅವಳು ಒಳ್ಳೆಯವಳೇ. ಆದರೆ ಚೆಲ್ಲೋದು ಅಂದ್ರೆ ಜೀವ ಹೋಗುತ್ತೆ ಅವಳಿಗೆ.

ಕೈಯನ್ನು ನಂಬೋದು ಹೇಗೆ? ನಮ್ಮ ಅಂಗೈಯೇ ಬಿಸಿ. ಹನ್ನೆರಡು ಡಿಗ್ರಿ ಇರೋ ಪಾತ್ರೆನೂ ಅದಕ್ಕೆ ತಣ್ಣಗೇ. ಫ್ರಿಜ್ ಒಳಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಪಕ್ಕದ ರೂಮಿನ ಫಾರ್ಮಸಿ ಹುಡುಗಿಯ ಹತ್ತಿರ ಥರ್ಮಾಮೀಟರ್ ಇತ್ತು. ಜ್ವರ ನೋಡೋದಲ್ಲ, ಲ್ಯಾಬಿನದು. ಒಂದು ಲೋಟ ನೀರಲ್ಲಿ ಅದನ್ನು ಮುಳುಗಿಸಿ, ರಾತ್ರಿ ಫ್ರಿಜ್‌ನ ನಡುವಿನ ಅರೆಯಲ್ಲಿ ಇಟ್ಟೆ. ನೀರೇ ಯಾಕೆ ಅಂದ್ರೆ, ಬಾಗಿಲು ತೆಗೆದ ಕೂಡಲೇ ಒಳಗಿನ ಗಾಳಿ ಬಿಸಿಯಾಗುತ್ತೆ, ನೀರು ಅಷ್ಟು ಬೇಗ ಬದಲಾಗಲ್ಲ. ಬೆಳಿಗ್ಗೆ ನೋಡಿದರೆ 9 ಡಿಗ್ರಿ!

ವಾರ್ಡನ್ ಮೇಡಂ ಒಪ್ಪಲಿಲ್ಲ. "ನೋಡಮ್ಮ, ಮೇಲೆ ಎಷ್ಟು ಐಸ್ ಕಟ್ಟಿದೆ! ಚೆನ್ನಾಗೇ ತಣ್ಣಗಾಗ್ತಿದೆ" ಅಂದರು. ತೊಂದರೆ ಇದ್ದದ್ದೇ ಆ ಐಸಲ್ಲಿ. ಇಂಥ ಸಣ್ಣ ಫ್ರಿಜ್‌ನಲ್ಲಿ ತಣ್ಣಗಾಗೋದು ಮೇಲಿನ ಫ್ರೀಜರ್ ಪೆಟ್ಟಿಗೆ. ಅದರ ಮೇಲೆ ಐಸ್ ದಪ್ಪ ಕಟ್ಟಿದರೆ ಕಂಬಳಿ ಹೊದ್ದ ಹಾಗೆ, ತಂಪು ಕೆಳಗೆ ಬರೋದೇ ಇಲ್ಲ. ಸಾಲದ್ದಕ್ಕೆ ಕರೆಂಟ್ ಉಳಿಸೋಕೆ ಮೇಡಂ ಡಯಲನ್ನು ಒಂದಕ್ಕೆ ಇಳಿಸಿದ್ದರು. ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಕೆಳಗೆ ಹಳೇ ಟವೆಲ್ ಹಾಸಿದೆವು. ರೂಮ್‌ಮೇಟ್ ಚಾಕು ತಂದಳು, ತಡೆದೆ. ಗ್ಯಾಸ್ ಇರೋ ಕೊಳವೆಗೆ ತೂತು ಬಿದ್ದರೆ ಫ್ರಿಜ್ ಕಥೆ ಮುಗೀತು. ಐಸೆಲ್ಲ ಕರಗಿದ ಮೇಲೆ ಡಯಲನ್ನು ನಾಲ್ಕಕ್ಕೆ ಇಟ್ಟೆವು. ಮರುದಿನ ಬೆಳಿಗ್ಗೆ ಅದೇ ಲೋಟದಲ್ಲಿ 4 ಡಿಗ್ರಿ. ಬಾಗಿಲಿನ ಅರೆಯಲ್ಲಿ ಮಾತ್ರ ಇನ್ನೂ 7. ಅಲ್ಲೀಗ ಉಪ್ಪಿನಕಾಯಿ, ನೀರಿನ ಬಾಟಲಿ ಅಷ್ಟೇ.

ಇಷ್ಟಾದರೂ ಅನ್ನದ ಜಗಳ ಮುಗಿದಿಲ್ಲ. ಸಾರು, ಪಲ್ಯ ಮೂರು ದಿನ ಇಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಅನ್ನ ಬೇರೆ. ಅಕ್ಕಿಯಲ್ಲಿರೋ ಒಂದು ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯಲ್ಲ. ಅನ್ನ ಹೊರಗೆ ಉಗುರುಬೆಚ್ಚಗೆ ಕೂತಷ್ಟೂ ಅದು ಮೊಳೆತು, ಬೆಳೆದು ವಿಷ ಬಿಡುತ್ತೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗಲ್ಲ, ಮೂಗಿಗೂ ಗೊತ್ತಾಗಲ್ಲ. ಮನೆಯಲ್ಲಿ ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗಿ ಖಾಲಿಯಾಗುತ್ತಿತ್ತು. ಹಳಸೋಕೆ ಪುರುಸೊತ್ತೇ ಇರಲಿಲ್ಲ. ಹಾಸ್ಟೆಲಲ್ಲಿ ಅಂಥ ಅಮ್ಮ ಇಲ್ಲ, ಡಬ್ಬಿ ಮಾತ್ರ ಇದೆ. ಅದಕ್ಕೇ ಅನ್ನ ಆರಿಸಿ ಒಂದು ಗಂಟೆಯೊಳಗೆ ಒಳಗಿಡಬೇಕು, ಮರುದಿನವೇ ತಿನ್ನಬೇಕು ಅಂತ ಹೇಳಿದೆ.

"ಅದನ್ನ ಫ್ರೈಡ್ ರೈಸ್ ಮಾಡಿದ್ರೆ?" ಅಂತ ನಿನ್ನೆ ಕೇಳಿದಳು.