ಬೆಲಂ ಗುಹೆಯಲ್ಲೊಂದು ಹಗಲು: ಪಾತಾಳಗಂಗೆಯ ನೀರು ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನಿಂದ ಆಂಧ್ರಪ್ರದೇಶದ ಬೆಲಂಗೆ ಹೋಗುವ ದಾರಿಯಲ್ಲಿ ತಾಡಿಪತ್ರಿಯ ಆಸುಪಾಸಿಗೆ ಬಂದರೆ ರಸ್ತೆಬದಿಯಲ್ಲಿ ಕಪ್ಪು ಚಪ್ಪಡಿಗಳನ್ನು ಸಾಲಾಗಿ ಒರಗಿಸಿಟ್ಟ ಪಾಲಿಶ್ ಅಂಗಡಿಗಳು ಕಾಣಿಸುತ್ತವೆ. ನಮ್ಮ ಹಳೆಯ ಮನೆಗಳ ಅಡುಗೆಕಟ್ಟೆಯ ಮೇಲೆ ಹಾಸಿದ, ಗೋಡೆಯ ಗೂಡುಗಳಿಗೆ ಅಡ್ಡ ಕೊಟ್ಟ ಕಡಪ ಕಲ್ಲು ಇದೇ. ಗ್ರಾನೈಟ್ ಅಂದುಕೊಂಡವರು ಬಹಳ ಜನ, ಆದರೆ ಇದು ಸುಣ್ಣದ ಕಲ್ಲು. ಅನುಮಾನವಿದ್ದರೆ ಅರ್ಧ ಹೆಚ್ಚಿದ ನಿಂಬೆಹಣ್ಣನ್ನು ಕಟ್ಟೆಯ ಮೇಲೆ ಬೋರಲಾಗಿ ಇಟ್ಟು ರಾತ್ರಿ ಕಳೆಯಲಿ. ಬೆಳಿಗ್ಗೆ ಹಣ್ಣಿನ ಅಳತೆಯ ಮಂಕು ಬಿಳಿ ಬಳೆ ಮೂಡಿರುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕಲೆಯಲ್ಲ. ಹುಳಿ ತಾಗಿ ಕಲ್ಲೇ ಒಂದು ಪದರ ಕರಗಿದೆ. ಗ್ರಾನೈಟಿಗೆ ನಿಂಬೆಹುಳಿ ಏನೂ ಮಾಡುವುದಿಲ್ಲ.

ಬೆಲಂ ಗುಹೆ ಇರುವುದೂ ಇದೇ ಬಗೆಯ ಕಲ್ಲಿನಲ್ಲಿ. ಭೂವಿಜ್ಞಾನಿಗಳು ಇದನ್ನು ನಾರ್ಜಿ ಸುಣ್ಣದ ಕಲ್ಲು ಎನ್ನುತ್ತಾರೆ. ಅಲ್ಲಿ ನಿಂಬೆಹಣ್ಣಿನ ಕೆಲಸ ಮಾಡಿದ್ದು ಮಳೆನೀರು.

ಗುಹೆಯ ಮೇಲಿನ ನೆಲ ಚಪ್ಪಟೆ, ಒಣ ಹೊಲ. ಕೆಳಗೆ 3,229 ಮೀಟರ್ ಉದ್ದದ ಸುರಂಗಗಳಿವೆ ಎಂದು ನಂಬುವಂತಹ ಗುರುತೇ ಇಲ್ಲ, ಬಾವಿಯಂತೆ ಬಾಯಿ ತೆರೆದ ಮೂರು ಗುಂಡಿಗಳನ್ನು ಬಿಟ್ಟರೆ. ನಡುವಿನದಕ್ಕೆ ಮೆಟ್ಟಿಲು ಕಟ್ಟಿ ಬಾಗಿಲು ಮಾಡಿದ್ದಾರೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯನ್ನು ದಾಖಲಿಸಿದರು. ಆಮೇಲೆ ಸುಮಾರು ನೂರು ವರ್ಷ ಯಾರೂ ಅದನ್ನು ತಿರುಗಿ ನೋಡಲಿಲ್ಲ. 1980ರ ದಶಕದಲ್ಲಿ ಹರ್ಬರ್ಟ್ ಡೇನಿಯಲ್ ಗೆಬೌವರ್ ಮುಂದಾಳತ್ವದ ಜರ್ಮನ್ ತಂಡ ಒಳಹೊಕ್ಕು ಅಳತೆ ಮಾಡಿತು.

ಆ ಗುಂಡಿಗಳನ್ನು ಯಾರೂ ತೋಡಿದ್ದಲ್ಲ. ಕೆಳಗಿನ ಪೊಳ್ಳು ಅಗಲವಾಗುತ್ತಾ ಹೋದಂತೆ ಅದರ ಚಾವಣಿಯ ಚಪ್ಪಡಿಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಪೊಳ್ಳು ಮೇಲಮೇಲಕ್ಕೆ ಏರುತ್ತದೆ, ಕೊನೆಗೊಂದು ದಿನ ನೆಲಕ್ಕೆ ಬಂದು ಮುಟ್ಟುತ್ತದೆ. ಬಂಡೆ ಕುಸಿದು ಆಗುವ ಗುಂಡಿಗಳು ಹೀಗೆ ನಿಧಾನ. ಜನರ ಮನೆ, ಹೊಲ ನುಂಗುವ ಗುಂಡಿಗಳ ಕಥೆ ಬೇರೆ. ಅಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣಿರುತ್ತದೆ. ಮಣ್ಣು ಬಂಡೆಯ ಬಿರುಕಿನೊಳಗೆ ಸೋರಿ ಹೋಗುತ್ತಾ, ಮೇಲೆ ಕಾಣದಂತೆ ಕಮಾನಿನಾಕಾರದ ಪೊಳ್ಳು ಬೆಳೆಯುತ್ತದೆ. ಅದನ್ನು ಒಳಗಿನ ನೀರೇ ಸ್ವಲ್ಪಮಟ್ಟಿಗೆ ಎತ್ತಿ ಹಿಡಿದಿರುತ್ತದೆ. ಬೋರ್‌ವೆಲ್‌ಗಳು ಆ ನೀರನ್ನು ಎಳೆದುಬಿಟ್ಟರೆ ಊರುಗೋಲು ಹೋದಂತೆ. ಬಳಿಕ ಜಡಿಮಳೆ ಬಂದು ಮಣ್ಣು ನೆನೆದು ಭಾರವಾದರೆ ಕಮಾನು ಕೆಲವು ಗಂಟೆಗಳಲ್ಲೇ ಕುಸಿಯಬಹುದು. ಬರ, ಆಮೇಲೆ ಭಾರಿ ಮಳೆ ಎಂಬ ಸರದಿಯೇ ಅಪಾಯದ್ದು. 2015ರ ಕೊನೆಯಲ್ಲಿ ಪಕ್ಕದ ಕಡಪ ಜಿಲ್ಲೆಯಲ್ಲಿ ಮಳೆಯ ನಂತರ ಇಂಥ ಗುಂಡಿಗಳು ಬಿದ್ದವು. ಇಂಥ ನೆಲದಲ್ಲಿ ಬೇಲಿಕಂಬ ವಾಲಿದರೆ, ನೆಲದ ಮೇಲೆ ಬಳೆಯಾಕಾರದ ಬಿರುಕು ಮೂಡಿದರೆ, ಬೋರ್‌ವೆಲ್ ನೀರು ಇದ್ದಕ್ಕಿದ್ದಂತೆ ಕೆಂಪಗೆ ಬಗ್ಗಡವಾದರೆ ಆ ಜಾಗದಿಂದ ದೂರ ಸರಿಯುವುದು ಒಳ್ಳೆಯದು.

ಮೆಟ್ಟಿಲಿಳಿದು ಒಳಗೆ ನಡೆದಂತೆ ಸೆಕೆ ಏರುತ್ತದೆ. ಗಾಳಿ ಊದುವ ಕೊಳವೆಗಳನ್ನು ಅಲ್ಲಲ್ಲಿ ಹಾಕಿದ್ದಾರೆ, ಅದರ ಬಾಯಿಯ ಹತ್ತಿರ ಎಲ್ಲರೂ ಒಂದು ನಿಮಿಷ ಹೆಚ್ಚೇ ನಿಲ್ಲುತ್ತಾರೆ. ನಿಂತಾಗ ತಲೆಯೆತ್ತಿ ಚಾವಣಿ ನೋಡಬೇಕು. ಬಂಡೆಯನ್ನು ಬಟ್ಟಲಿನಿಂದ ಕೆರೆದು ತೆಗೆದಂತೆ ನುಣುಪಾದ ಗುಂಡು ಕುಳಿಗಳಿವೆ. ಹರಿಯುವ ಹೊಳೆ ನೆಲವನ್ನು ಕೊರೆಯುತ್ತದೆ, ಚಾವಣಿಯನ್ನಲ್ಲ. ಚಾವಣಿಯೂ ಕರಗಿದೆ ಎಂದರೆ ಒಂದು ಕಾಲಕ್ಕೆ ಈ ಸುರಂಗ ಚಾವಣಿಯವರೆಗೂ ನೀರು ತುಂಬಿಕೊಂಡು ಕೊಳವೆಯಂತೆ ಹರಿದಿತ್ತು ಎಂದರ್ಥ. ಅಂತರ್ಜಲ ಕೆಳಗಿಳಿದ ಮೇಲೆ ಖಾಲಿಯಾಯಿತು.

ಕಲ್ಲನ್ನು ಕರಗಿಸುವ ಶಕ್ತಿ ಮಳೆನೀರಿಗೆ ಬರುವುದು ಆಕಾಶದಲ್ಲಲ್ಲ, ಹೆಚ್ಚಾಗಿ ಮಣ್ಣಿನಲ್ಲಿ. ಬೇರುಗಳು, ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಣ್ಣಿನ ಸಂದುಗಳಲ್ಲಿ ಶೇ 1ರವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇ 0.04 ಮಾತ್ರ. ಅದನ್ನು ಹೀರಿದ ನೀರು ಸೋಡಾದಂತೆ ತುಸು ಹುಳಿಯಾಗಿ ಕಲ್ಲಿಗೆ ತಾಗುತ್ತದೆ:

CaCO3 + CO2 + H2O ⇌ Ca(HCO3)2

ಬರೀ ಗಾಳಿ ತಾಗಿದ ಒಂದು ಲೀಟರ್ ಮಳೆನೀರು ಸುಮಾರು 50 ಮಿಲಿಗ್ರಾಂ ಸುಣ್ಣದ ಕಲ್ಲು ಕರಗಿಸಬಲ್ಲದು. ಶೇ 1 ಅನಿಲವಿರುವ ಮಣ್ಣಿನ ಮೂಲಕ ಇಳಿದು ಬಂದರೆ ಅದೇ ಲೀಟರ್ ಸುಮಾರು 150 ಮಿಲಿಗ್ರಾಂ ಕರಗಿಸುತ್ತದೆ.

ಇಲ್ಲೊಂದು ತೊಡಕಿದೆ. ಕಲ್ಲಿನ ಮೂಲ ಬಿರುಕಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗವಿದ್ದರೆ ಹೆಚ್ಚು. ಅಷ್ಟು ಸಣ್ಣ ಸೀಳಿನಲ್ಲಿ ನೀರು ತೆವಳುತ್ತಾ ಹೋಗುವಾಗ ಮೊದಲ ಸ್ವಲ್ಪ ದೂರದಲ್ಲೇ ಅದರ ಹುಳಿ ಮುಗಿದುಹೋಗಬೇಕಲ್ಲ? ಹಾಗಾದರೆ ಬಿರುಕಿನ ಬಾಯಿ ಮಾತ್ರ ಆಲಿಕೆಯಂತೆ ಅಗಲವಾಗಿ, ಒಳಗೆ ಗುಹೆಯೇ ಆಗಬಾರದಿತ್ತು. ಉತ್ತರವಿರುವುದು ಕರಗುವ ವೇಗದಲ್ಲಿ. ಸುಣ್ಣದಿಂದ ಹೆಚ್ಚುಕಡಿಮೆ ತುಂಬಿಹೋದ ನೀರು ಉಳಿದ ಸ್ವಲ್ಪ ಶಕ್ತಿಯನ್ನು ಬಹಳ ಜಿಪುಣತನದಿಂದ ಖರ್ಚು ಮಾಡುತ್ತದೆ. ವೇಗ ಒಮ್ಮೆಲೇ ಹತ್ತಾರು ಪಟ್ಟು ಕುಗ್ಗುತ್ತದೆ. ಹೀಗಾಗಿ ನೂರಾರು ಮೀಟರ್ ಒಳಗೂ ಅದರಲ್ಲಿ ಚೂರು ಹುಳಿ ಉಳಿದಿರುತ್ತದೆ, ಇಡೀ ಬಿರುಕು ಉದ್ದಕ್ಕೂ ಕೂದಲೆಳೆಯಷ್ಟು ಅಗಲವಾಗುತ್ತಾ ಬರುತ್ತದೆ.

ಈ ಹಂತಕ್ಕೆ ಹತ್ತಾರು ಸಾವಿರ ವರ್ಷ ಹಿಡಿಯುತ್ತದೆ. ಆಮೇಲೆ ಯಾವುದೋ ಒಂದು ಬಿರುಕು ಗೆಲ್ಲುತ್ತದೆ. ಹುಳಿ ಮುಗಿಯುವ ಮುನ್ನವೇ ನೀರು ಇನ್ನೊಂದು ತುದಿಯಲ್ಲಿ ಹೊರಬೀಳುವಷ್ಟು ಅದು ಅಗಲವಾದ ಕೂಡಲೇ ಅಕ್ಕಪಕ್ಕದ ಬಿರುಕುಗಳ ನೀರನ್ನೂ ತನ್ನ ಕಡೆಗೆ ಎಳೆಯುತ್ತದೆ, ವರ್ಷಕ್ಕೆ ಮಿಲಿಮೀಟರಿನ ಒಂದು ಪಾಲಿನಷ್ಟು ಹಿಗ್ಗತೊಡಗುತ್ತದೆ. ಸೋತ ಬಿರುಕುಗಳು ಹಾಗೇ ಕೂದಲೆಳೆಗಳಾಗಿ ಉಳಿಯುತ್ತವೆ. ಬೆಲಂನ ಗೋಡೆಯಲ್ಲಿ ದೀಪ ಹಿಡಿದು ನೋಡಿದರೆ ಈ ಸೋತವು ನೆಟ್ಟಗೆ, ಅಡ್ಡಡ್ಡಕ್ಕೆ ಗೆರೆ ಎಳೆದಂತೆ ಕಾಣುತ್ತವೆ. ಗಣಿಯವರು ಬೆಣೆ ಹೊಡೆದು ಚಪ್ಪಡಿ ಬಿಡಿಸುವುದೂ ಇಂಥದೇ ಅಡ್ಡ ಗೆರೆಗಳಲ್ಲಿ.

ಕೋಟಿಲಿಂಗಾಲು ಎಂಬ ಜಾಗದಲ್ಲಿ ಚಾವಣಿಯಿಂದ ಲಿಂಗದಂತಹ ತೂಗುಗಲ್ಲುಗಳು ಸಾಲುಸಾಲಾಗಿ ಇಳಿದಿವೆ. ಫೋಟೊ ತೆಗೆಯುವವರ ನೂಕುನುಗ್ಗಲು. ಇಲ್ಲಿ ಮೇಲಿನ ಸಮೀಕರಣ ಹಿಮ್ಮುಖವಾಗಿ ನಡೆದಿದೆ. ನೀರು ಆರಿ ಸುಣ್ಣ ಉಳಿಯಿತು ಎಂದು ಹೇಳುವುದುಂಟು, ಆದರೆ ತೇವ ತುಂಬಿದ ಗುಹೆಯಲ್ಲಿ ನೀರು ಆರುವುದೇ ಅಪರೂಪ. ಹನಿಯಿಂದ ಇಂಗಾಲದ ಡೈಆಕ್ಸೈಡ್ ಗುಹೆಯ ಗಾಳಿಗೆ ತಪ್ಪಿಸಿಕೊಳ್ಳುತ್ತದೆ, ಹಿಡಿದಿಡುವ ಹುಳಿ ಕಡಿಮೆಯಾಗಿ ಸುಣ್ಣ ಕಲ್ಲಾಗಿ ಕೂರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಹೊಪ್ಪಳೆ ಕಟ್ಟುವುದು ಹೀಗೆಯೇ.

ಜನ ಕೊನೆಗೆ ಇಳಿಯುವುದು ಪಾತಾಳಗಂಗೆಗೆ. ಪ್ರವೇಶದ ಮಟ್ಟದಿಂದ 46 ಮೀಟರ್ ಕೆಳಗೆ, ಗುಹೆಯ ಅತಿ ಆಳದ ಜಾಗ. ಒಂದು ಸಣ್ಣ ತೊರೆ ಆಗ್ನೇಯದಿಂದ ವಾಯವ್ಯಕ್ಕೆ ಹರಿದು ಬಂಡೆಯ ಕೆಳಗೆ ನುಸುಳಿ ಕಾಣೆಯಾಗುತ್ತದೆ. "ಈ ನೀರು ಎರಡು ಕಿಲೋಮೀಟರ್ ಆಚೆ ಬೆಲಂ ಊರಿನ ಬಾವಿಗೆ ಹೋಗುತ್ತೆ ಸಾರ್" ಎಂದರು ಗೈಡ್. ಊರವರ ನಂಬಿಕೆ ಅದು.

ಆಗಬಾರದ್ದೇನಲ್ಲ. ಆದರೆ ಸುಣ್ಣದ ಕಲ್ಲಿನ ನಾಡಿನಲ್ಲಿ ಮೇಲಿನ ಇಳಿಜಾರು ನೋಡಿ ಕೆಳಗಿನ ನೀರಿನ ದಿಕ್ಕು ಹೇಳಲಾಗದು. ಬಣ್ಣ ಹಾಕಿಯೇ ನೋಡಬೇಕು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಇಮೆಂಡಿಂಗೆನ್ ಬಳಿ ನೆಲದೊಳಗೆ ಇಳಿದುಹೋಗುತ್ತದೆ. 1877ರಲ್ಲಿ ಭೂವಿಜ್ಞಾನಿ ಅಡಾಲ್ಫ್ ಕ್ನಾಪ್ ಅಲ್ಲಿಗೆ 10 ಕಿಲೊ ಫ್ಲೂರೊಸಿನ್ ಬಣ್ಣ, 20 ಟನ್ ಉಪ್ಪು, 1,200 ಕಿಲೊ ಶೇಲ್ ಎಣ್ಣೆ ಸುರಿದರು. ಸುಮಾರು 60 ಗಂಟೆಗಳ ನಂತರ 12 ಕಿಲೋಮೀಟರ್ ದೂರದ ಆಖ್ ಚಿಲುಮೆಯಲ್ಲಿ ಹೊಳೆಯುವ ಹಸಿರು ಉಪ್ಪುನೀರು ಬಂತು. ಗಂಟೆಗೆ 200 ಮೀಟರ್ ಆಯಿತು. ಮರಳಿನಲ್ಲಿ ಅಂತರ್ಜಲ ಇಡೀ ದಿನಕ್ಕೆ ಕೆಲವು ಮೀಟರ್ ಸಾಗಿದರೂ ಜೋರು ಎನ್ನಬೇಕು.

ಬೆಲಂನಲ್ಲಿ ಅಷ್ಟು ಬೇಡವೇ ಬೇಡ. ತೊರೆ ಸೆಕೆಂಡಿಗೆ ಒಂದು ಲೀಟರ್ ಹರಿಯುತ್ತದೆ ಎಂದುಕೊಳ್ಳಿ. ಒಂದು ದಿನಕ್ಕೆ 86,400 ಲೀಟರ್. 10 ಗ್ರಾಂ ಸೋಡಿಯಂ ಫ್ಲೂರೊಸಿನ್ ಹಾಕಿ, ಅದಷ್ಟೂ ಒಂದು ದಿನದಲ್ಲಿ ಆಚೆ ಬಂದರೆ ಲೀಟರಿಗೆ ಸುಮಾರು 115 ಮೈಕ್ರೊಗ್ರಾಂ. ಬರಿಗಣ್ಣಿಗೆ ಹಸಿರು ಕಾಣಿಸಲು ಅದೇ ಸಾಕು, ಊರ ಬಾವಿ ಹಸಿರಾದರೆ ಗಲಾಟೆ ಖಂಡಿತ. ಹಾಗಾಗಿ ಮೊದಲೇ ಪಂಚಾಯಿತಿಗೆ, ಅಂತರ್ಜಲ ಇಲಾಖೆಗೆ ತಿಳಿಸಿ ಒಪ್ಪಿಗೆ ಪಡೆದು, ಇನ್ನೂ ಕಡಿಮೆ ಬಣ್ಣ ಹಾಕಿ ಉಪಕರಣದಿಂದ ಅಳೆಯುವುದು ಲೇಸು. ಕಣ್ಣಿಗೆ ಕಾಣುವ ಮಟ್ಟದ ಸಾವಿರದೊಂದು ಪಾಲನ್ನೂ ಉಪಕರಣ ಹಿಡಿಯುತ್ತದೆ.

ಬಣ್ಣ ಯಾವ ಗಂಟೆಗೆ ಬರುತ್ತದೋ ತಿಳಿಯದೆ ಬಾವಿಕಟ್ಟೆಯ ಮೇಲೆ ಕಾಯುತ್ತಾ ಕೂರಲಾಗದು. ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲನ್ನು ಬಲೆಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಹಾದುಹೋದ ಬಣ್ಣವನ್ನು ಅದು ಹೀರಿಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆ ಚೀಲ ಬದಲಿಸಿ, ಕ್ಷಾರ ಬೆರೆಸಿದ ಆಲ್ಕೊಹಾಲಿನಲ್ಲಿ ಇದ್ದಿಲು ನೆನೆಸಿ ಬಣ್ಣವನ್ನು ಬಿಡಿಸಿ ನೋಡುತ್ತಾರೆ. ಒಂದೇ ಬಾವಿಗಲ್ಲ, ಸುತ್ತಲಿನ ಎಲ್ಲ ಬಾವಿ, ಬೋರ್‌ವೆಲ್, ಹಳ್ಳಗಳಿಗೂ ಚೀಲ ಇಳಿಸಬೇಕು. ಊರವರು ಹೇಳಿದ ಬಾವಿಯನ್ನಷ್ಟೇ ಪರೀಕ್ಷಿಸಿದರೆ ನೀರು ನಿಜವಾಗಿ ಹೋದ ಜಾಗ ತಪ್ಪಿಹೋಗುತ್ತದೆ. ಬಣ್ಣ ಹಾಕುವ ಮುನ್ನವೂ ಒಂದು ಸುತ್ತು ಚೀಲ ಇಟ್ಟು ನೋಡಬೇಕು, ಏಕೆಂದರೆ ಬಟ್ಟೆ ಒಗೆಯುವ ಪುಡಿಯಲ್ಲೂ ಹೊಳೆಯುವ ಪದಾರ್ಥವಿರುತ್ತದೆ. ಬಿಸಿಲು ಬಿದ್ದರೆ ಈ ಬಣ್ಣ ಬೇಗ ಮಾಸುತ್ತದೆ, ಮಾದರಿಗಳನ್ನು ಕಂದು ಬಾಟಲಿಯಲ್ಲಿ ಕತ್ತಲಲ್ಲಿ ಇಡಬೇಕು. ಎಲ್ಲಕ್ಕಿಂತ ಸಾಮಾನ್ಯ ಎಡವಟ್ಟು ಕೈಯದು. ಬಣ್ಣದ ಪುಡಿ ಮುಟ್ಟಿದವರೇ ಚೀಲವನ್ನೂ ಮುಟ್ಟಿದರೆ ಉಗುರಸಂದಿನ ಕಣವೊಂದು ಸಾಕು, ಇಲ್ಲದ ಹೊಳೆ ನಕ್ಷೆಯ ಮೇಲೆ ಹುಟ್ಟಿಕೊಳ್ಳುತ್ತದೆ. ಪುಡಿಗೆ ಒಬ್ಬರು, ಚೀಲಕ್ಕೆ ಇನ್ನೊಬ್ಬರು, ವಾಹನವೂ ಬೇರೆ ಬೇರೆ.

ಬಣ್ಣ ಬಾರದಿದ್ದರೆ ಸಂಬಂಧವಿಲ್ಲ ಎಂದು ತೀರ್ಮಾನಿಸುವಂತಿಲ್ಲ. ದಾರಿಯ ಜೇಡಿಮಣ್ಣು ಹಿಡಿದುಕೊಂಡಿರಬಹುದು, ಬೇಸಿಗೆಯಲ್ಲಿ ಯಾವುದೋ ಮಡುವಿನಲ್ಲಿ ನಿಂತಿದ್ದು ಮುಂದಿನ ಮಳೆಗೆ ಹೊರಬರಬಹುದು. ಬಂದರೆ ಮಾತ್ರ ಮಾತು ಖಚಿತ. ಆಗ ಇನ್ನೊಂದೂ ಖಚಿತವಾಗುತ್ತದೆ: ಮರಳು, ಮಣ್ಣು ಸೋಸುವಂತೆ ಈ ಕೊಳವೆಗಳು ಏನನ್ನೂ ಸೋಸುವುದಿಲ್ಲ. ಪ್ರವಾಸಿ ತಾಣವಾಗುವ ಮುನ್ನ ಬೆಲಂ ಗುಂಡಿಗಳಿಗೆ ಸುತ್ತಲಿನ ಕಸ ಸುರಿಯುತ್ತಿದ್ದರು. ಕಸದ ರಸಕ್ಕೂ ಕುಡಿಯುವ ಬಾವಿಗೂ ನಡುವೆ ಆಗ ಇದ್ದದ್ದು ಈ ಕೊಳವೆಗಳಷ್ಟೇ.