ಹೆಲ್ಪರ್ 650, ರೂಮ್ ಫ್ರೀ

"ಗಾರೆ 900, ಹೆಲ್ಪರ್ 650. ಸೈಟ್ ಕುಮಟಾ. ರೂಮ್ ಫ್ರೀ. ಬೇಗ ಫೋನ್ ಮಾಡಿ."

ನಮ್ಮ ಮಾವ ವಾಟ್ಸಾಪ್‌ನಲ್ಲಿ ಹಾಕಿದ್ದು ಇಷ್ಟೇ. ಅವರು ಲೇಬರ್ ಕಂಟ್ರಾಕ್ಟರ್. ಹಾಜರಿ ಪುಸ್ತಕ ಮತ್ತು ಶನಿವಾರದ ಬಟವಾಡೆ ಲೆಕ್ಕ ನನ್ನ ಪಾಲಿನ ಕೆಲಸ. ಆಗ ಏಪ್ರಿಲ್ ಮುಗೀತಾ ಬಂದಿತ್ತು. ಜೂನ್‌ನಲ್ಲಿ ಮಳೆ ಹಿಡಿಯೋದರೊಳಗೆ ಸ್ಲ್ಯಾಬ್ ಹಾಕದಿದ್ದರೆ ಕೆಲಸ ದೀಪಾವಳಿ ಹೊತ್ತಿಗೆ ಹೋಗುತ್ತದೆ ಅಂತ ಮಾಲೀಕರು ದಿನಾ ಫೋನ್ ಮಾಡುತ್ತಿದ್ದರು, ಅದಕ್ಕೇ ಮಾವನಿಗೆ ಅಷ್ಟು ಅವಸರ.

ಹಾವೇರಿ ಕಡೆಯಿಂದ ಆರು ಜನರ ಒಂದು ತಂಡ ಹೊರಟಿತು. ಇಬ್ಬರು ಗಾರೆಯವರು, ಮೂವರು ಹುಡುಗರು, ಮೇಸ್ತ್ರಿಯ ಹೆಂಡತಿ. ಶಿರಸಿ ದಾಟಿ ದೇವಿಮನೆ ಘಾಟ್ ಇಳಿದು ಕುಮಟಾ ಬಸ್‌ಸ್ಟ್ಯಾಂಡಿಗೆ ಬಂದು ಫೋನ್ ಮಾಡಿದರು. ಸೈಟ್ ಇದ್ದದ್ದು ಗೋಕರ್ಣದಲ್ಲಿ. ತಾಲೂಕು ಕುಮಟಾವೇ, ಮಾವ ಬರೆದಿದ್ದು ಸುಳ್ಳಲ್ಲ. ಆದರೆ ಅಲ್ಲಿಂದ ಹೆದ್ದಾರಿ ಹಿಡಿದು ಮಾದನಗೇರಿ ಕ್ರಾಸ್‌ಗೆ ಬಂದು, ತಿರುಗಿ ಒಳಗೆ ಹೋಗಬೇಕು. ಮೂಟೆ, ಪಾತ್ರೆ, ಸ್ಟೌವ್ ಹೊತ್ತವರಿಗೆ ಇನ್ನೊಂದು ಬಸ್ ಅಂದರೆ ಇನ್ನೊಂದು ಖರ್ಚು. ಬಸ್ಸಿನ ಚಾರ್ಜು ಯಾರದ್ದು ಅಂತಲೂ ಮೆಸೇಜಿನಲ್ಲಿ ಇರಲಿಲ್ಲ. ಮಾವ ಕೊನೆಗೆ ಟೆಂಪೋ ಕಳಿಸಿದರು, ಬೈಯುತ್ತಲೇ.

ಆಮೇಲೆ ರೂಮು. ರೂಮ್ ಅಂದರೆ ಸೈಟಿನ ಹಿಂದಿನ ತಗಡಿನ ಶೆಡ್ಡು. ಒಳಗೆ ಆಗಲೇ ನಾಲ್ಕು ಜನ ಇದ್ದರು. ಅಡ್ಡಗೋಡೆ ಇಲ್ಲ, ಕರೆಂಟಿಗೆ ಒಂದೇ ಬಲ್ಬು. ಬಾವಿ ನೀರು ಬೇಸಿಗೆಯಲ್ಲಿ ಉಪ್ಪು, ಸ್ನಾನಕ್ಕೆ ಆಗುತ್ತದೆ, ಅಡುಗೆಗೆ ಆಗುವುದಿಲ್ಲ. ಗಂಡಸರು ಹೇಗೋ ಇರುತ್ತಾರೆ ಅಂತ ಮಾವನ ಲೆಕ್ಕ. ಹೆಂಗಸು ಬರಬಹುದು ಅಂತ ಅವರು ಯೋಚನೆಯೇ ಮಾಡಿರಲಿಲ್ಲ, ಹಾವೇರಿ, ಗದಗ ಕಡೆಯವರು ಜೋಡಿಯಾಗಿ ಬರುವುದು ಅವರಿಗೆ ಹೊಸದೇನೂ ಅಲ್ಲದಿದ್ದರೂ! ಆವತ್ತು ಸಂಜೆಯೇ ಉಳಿದಿದ್ದ ತಗಡಿನಿಂದ ಶೆಡ್ಡಿನ ಒಂದು ಮೂಲೆ ಬೇರೆ ಮಾಡಿ, ಸ್ನಾನಕ್ಕೆ ಚಿರೆಕಲ್ಲಿನ ಮರೆ ಕಟ್ಟಿದರು. ಕಟ್ಟಿದ್ದು ಅದೇ ಮೇಸ್ತ್ರಿ. ಅದಕ್ಕೆ ಅರ್ಧ ಹಾಜರಿ ಹಾಕಿ ಅಂತ ನಾನೇ ಹೇಳಿದೆ.

ನಿಜವಾದ ಜಗಳ ಬಂದಿದ್ದು ಶನಿವಾರ. ಆರು ದಿನ ಪೂರ್ತಿ ಕೆಲಸ ಆಗಿತ್ತು. ಗಾರೆಯವರಿಗೆ ತಲಾ 5400, ಮೇಸ್ತ್ರಿಗೆ ಅದರ ಮೇಲೆ ಆ ಅರ್ಧ ಹಾಜರಿ, ಹುಡುಗರಿಗೆ ತಲಾ 3900, ಅದರಲ್ಲಿ ವಾರದ ನಡುವೆ ಖರ್ಚಿಗೆ ಕೊಟ್ಟಿದ್ದನ್ನು ಕಳೆದು ಎಣಿಸಿದೆ. ಅಲ್ಲಿತನಕ ಸರಿ. ಆ ಅಕ್ಕನಿಗೆ ಮಾವ 3000 ಎತ್ತಿಟ್ಟರು. ಹೆಂಗಸರಿಗೆ 500, ಇಲ್ಲೆಲ್ಲ ಹಾಗೇ ನಡೆಯುವುದು ಅಂದರು.

ಅವಳು ದುಡ್ಡು ಮುಟ್ಟಲಿಲ್ಲ. ಗಂಡನ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. "ಅಕ್ಕಾರ, ಇದ್ರಾಗ ಹೆಲ್ಪರ್ 650 ಅಂತ ಐತಲ್ರೀ. ಹೆಣ್ಮಕ್ಕಳಿಗೆ ಬ್ಯಾರೆ ಅಂತ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಒಂದೇ ಕೆಲಸಕ್ಕೆ ಗಂಡು ಹೆಣ್ಣಿಗೆ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ, ಆದರೆ ಅವಳಿಗೆ ಅದು ಬೇಕಾಗಲಿಲ್ಲ. ಮೆಸೇಜೇ ಸಾಕಾಯಿತು. ಸಾಲಿನಲ್ಲಿ ನಿಂತು ಹುಡುಗರು ದಾಟಿಸಿದಷ್ಟೇ ಬಾಂಡ್ಲಿ ಅವಳೂ ದಾಟಿಸಿದ್ದಳು, ನೋಡಿದವರೆಲ್ಲ ಅಲ್ಲೇ ಇದ್ದರು. ದಿನಕ್ಕೆ 150 ಕಮ್ಮಿ ಅಂದರೆ ವಾರಕ್ಕೆ 900, ಗಂಡನ ಒಂದು ದಿನದ ಪೂರ್ತಿ ಕೂಲಿ. ಮೇಸ್ತ್ರಿ ಬಾಯಿ ಬಿಡಲಿಲ್ಲ, ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ. ಸೋಮವಾರ ಇವನು ಬರುವುದಿಲ್ಲ, ಇವನ ಹಿಂದೆ ಉಳಿದವರೂ ಹೋಗುತ್ತಾರೆ ಅಂತ ಮಾವನಿಗೆ ಗೊತ್ತಾಯಿತು. ಉಳಿದ 900 ಕೊಟ್ಟರು. ನ್ಯಾಯ ಅಂತ ಕೊಟ್ಟರಾ? ಇಲ್ಲ, ಸ್ಲ್ಯಾಬಿನ ಭಯಕ್ಕೆ ಕೊಟ್ಟರು. ನನಗೆ ಅದೂ ಸಾಕಿತ್ತು.

ಮುಂದಿನ ಸಲ ಮೆಸೇಜ್ ನಾನೇ ಬರೆದೆ:

"ಗಾರೆಯವರು 3, ಚಿರೆಕಲ್ಲು ಕಟ್ಟಿ ಗೊತ್ತಿರಬೇಕು, 900. ಹೆಲ್ಪರ್ 5, ಗಂಡು ಹೆಣ್ಣು ಇಬ್ಬರಿಗೂ 650. ಊಟ ನಿಮ್ಮದು. ಸೈಟ್ ಗೋಕರ್ಣ, ಮಾದನಗೇರಿ ಕ್ರಾಸ್‌ನಲ್ಲಿ ಇಳಿದು ಫೋನ್ ಮಾಡಿ, ಗಾಡಿ ಬರುತ್ತದೆ. ತಗಡಿನ ಶೆಡ್, ಜೋಡಿಗೆ ಬೇರೆ ಜಾಗ, ಕುಡಿಯುವ ನೀರು ಕ್ಯಾನ್. ಬಟವಾಡೆ ಶನಿವಾರ. ಮಳೆ ಬಂದು ಕೆಲಸ ನಿಂತರೆ ಅರ್ಧ ಹಾಜರಿ."

ಇಷ್ಟುದ್ದ ಯಾರು ಓದುತ್ತಾರೆ ಮಾರಾಯ್ತಿ ಅಂದರು ಮಾವ. ಫೋನ್ ಬಂದಿದ್ದು ಕಮ್ಮಿಯೇ, ಆದರೆ ಬಂದವರು ಸೈಟ್ ನೋಡಿ ವಾಪಸ್ ಹೋಗಲಿಲ್ಲ. ಕಳಿಸುವ ಮುಂಚೆ ಮಾವ ಕೊನೆಯ ಸಾಲು ಮಾತ್ರ ಅಳಿಸಿದ್ದರು. ಮಳೆಯ ವಿಷಯ ಬಾಯಲ್ಲಿ ಹೇಳಿದರೆ ಸಾಕಂತೆ. ಬೆಳಿಗ್ಗೆ ಹತ್ತಕ್ಕೆ ಮಳೆ ಬಂದು ಕೆಲಸ ನಿಂತ ದಿನದ ಹಾಜರಿ ಅರ್ಧವೋ ಕಾಲೋ ಅಂತ ಈಗಲೂ ಪ್ರತಿ ಶನಿವಾರ ಚೌಕಾಸಿ ನಡೆಯುತ್ತದೆ.